ಏಳು ಮಕ್ಕಳ ಸರಾಸರಿ: ಶಿಕ್ಷಣ ಸಂಶೋಧನೆಯ ವಿಮರ್ಶೆ ಬರೆಯುವ ಅಸೈನ್‌ಮೆಂಟ್ ಮಾಡುವುದು ಹೇಗೆ?

ಬಿ.ಎಡ್. ಓದುವಾಗ ನಾನು ಬರೆದ ಮೊದಲ ವಿಮರ್ಶೆ ಹನ್ನೊಂದು ಪುಟ ಇತ್ತು. ಅದು ವಾಪಸ್ ಬಂದಾಗ ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಒಂದೇ ಸಾಲು: "ಸಾರಾಂಶ ಚೆನ್ನಾಗಿದೆ. ವಿಮರ್ಶೆ ಎಲ್ಲಿ?" ಸಿಟ್ಟು ಬಂತು. ಆದರೆ ತಿರುವಿ ನೋಡಿದರೆ ಮಾತು ನಿಜ. ಹತ್ತು ಪುಟ ಲೇಖಕರು ಹೇಳಿದ್ದನ್ನೇ ಹೇಳಿದ್ದೆ. ಹನ್ನೊಂದನೆಯದರಲ್ಲಿ "ಮಾದರಿ ಚಿಕ್ಕದು, ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು" ಅಂತ ಬರೆದು ಕೈತೊಳೆದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಕುಮಟಾದಲ್ಲಿರುವ ತಂಗಿಯ ಮಗಳು ಅದೇ ತರಹದ ಅಸೈನ್‌ಮೆಂಟ್ ಹಿಡಿದುಕೊಂಡು ಶಿರಸಿಗೆ ಬಂದಳು. ಘಟ್ಟ ಹತ್ತಿ ಬರುವಷ್ಟರಲ್ಲಿ ಝೆರಾಕ್ಸ್ ಹಾಳೆಗಳು ಅರ್ಧ ನೆನೆದಿದ್ದವು. ಪ್ರಶ್ನೆ ಹೀಗಿತ್ತು: ಪ್ರಕಟವಾದ ಒಂದು ಶಿಕ್ಷಣ ಅಧ್ಯಯನ ಆರಿಸಿಕೊಳ್ಳಿ. ಅದರ ಮಾದರಿಯ ಗಾತ್ರ, ಅಳತೆಗಳ ಸಿಂಧುತ್ವ, ತೀರ್ಮಾನದ ಬಲ, ಈ ಮೂರನ್ನೂ ವಿಮರ್ಶಿಸಿ. ಅವಳು ಆರಿಸಿಕೊಂಡಿದ್ದು ಬಿ.ಎಡ್. ಮನೋವಿಜ್ಞಾನದ ತರಗತಿಯಲ್ಲಿ ಎಲ್ಲರೂ ಕೇಳಿರುವ ಪಿಗ್ಮೇಲಿಯನ್ ಅಧ್ಯಯನ. ಎರಡು ಭಾನುವಾರ ಕೂತು ಅದನ್ನು ಬಿಡಿಸಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಧ್ಯಯನ ಬೇರೆ ಇದ್ದರೂ ದಾರಿ ಇದೇ.

ಮೊದಲು ಅಧ್ಯಯನ ಏನು ಹೇಳುತ್ತದೆ ಅಂತ ಒಂದೇ ವಾಕ್ಯದಲ್ಲಿ ಬರೆದಿಡಿ

ಸಾರಾಂಶಕ್ಕೆ ಅರ್ಧ ಪುಟ ಸಾಕು. ನಮ್ಮದು ಹೀಗಿತ್ತು.

ಹಾರ್ವರ್ಡ್‌ನ ರಾಬರ್ಟ್ ರೋಸೆಂಥಾಲ್ ಮತ್ತು ಶಾಲೆಯೊಂದರ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ ಸೇರಿ ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಈ ಪ್ರಯೋಗ ಮಾಡಿದರು. ಪುಸ್ತಕದಲ್ಲಿ ಆ ಶಾಲೆಗೆ 'ಓಕ್ ಸ್ಕೂಲ್' ಅಂತ ಹೆಸರಿಟ್ಟಿದ್ದಾರೆ. 1964ರಲ್ಲಿ ಮಕ್ಕಳಿಗೆಲ್ಲ ಒಂದು ಬುದ್ಧಿಶಕ್ತಿ ಪರೀಕ್ಷೆ ಕೊಟ್ಟರು. ಹೊಸ ವರ್ಷದ ತರಗತಿ ಶುರುವಾದಾಗ ಶಿಕ್ಷಕರಿಗೆ ಕೆಲವು ಹೆಸರು ಕೊಟ್ಟು, "ಪರೀಕ್ಷೆಯ ಪ್ರಕಾರ ಈ ಮಕ್ಕಳು ಈ ವರ್ಷ ಚಿಗುರಿಕೊಳ್ಳುತ್ತಾರೆ" ಎಂದರು. ನಿಜವಾಗಿ ಆ ಹೆಸರುಗಳನ್ನು ಯಾದೃಚ್ಛಿಕವಾಗಿ ಎತ್ತಿದ್ದರು. ಹೆಸರು ಬಂದದ್ದು ಸುಮಾರು ಐದರಲ್ಲಿ ಒಂದು ಮಗುವಿಗೆ. ಎಂಟು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ. ಪುಸ್ತಕ ಬಂದದ್ದು 1968ರಲ್ಲಿ.

ಪುಸ್ತಕದ ವಾದ ಇಷ್ಟು: ಶಿಕ್ಷಕರ ನಿರೀಕ್ಷೆ ಹೆಚ್ಚಾದರೆ ಮಗುವಿನ ಬುದ್ಧಿಲಬ್ಧವೇ ಏರುತ್ತದೆ.

ಈ ಒಂದು ವಾಕ್ಯವನ್ನು ಬೇರೆ ಚೀಟಿಯಲ್ಲಿ ಬರೆದು ಮುಂದೆ ಇಟ್ಟುಕೊಳ್ಳಿ. ವಿಮರ್ಶೆ ಅಂದರೆ ಪ್ರತಿ ಹಂತದಲ್ಲೂ ಈ ವಾಕ್ಯಕ್ಕೆ ತಿರುಗಿ ಬರುವುದು. ಚೀಟಿ ಇಲ್ಲದಿದ್ದರೆ "ಮಾದರಿ ಚಿಕ್ಕದು" ಅಂತ ಬರೆಯುತ್ತೀರಿ, ಯಾವುದಕ್ಕೆ ಚಿಕ್ಕದು ಅಂತ ಬರೆಯುವುದಿಲ್ಲ.

ಮಾದರಿ: ಒಟ್ಟು ಸಂಖ್ಯೆಯ ಹತ್ತಿರ ನಿಲ್ಲಬೇಡಿ

ನಮ್ಮ ಹುಡುಗಿ ಮೊದಲು ಬರೆದಿದ್ದು "ಮಾದರಿ 320 ಮಕ್ಕಳು, ಇದು ಸಾಕಷ್ಟು ದೊಡ್ಡದು" ಅಂತ. 320 ಸರಿಯಾದ ಸಂಖ್ಯೆಯೇ. ಆದರೆ ಆ 320ರಲ್ಲಿ ಹೆಸರು ಬಂದವರು ಎಷ್ಟು? 65. ಉಳಿದ 255 ಮಕ್ಕಳು ನಿಯಂತ್ರಿತ ಗುಂಪು. ಆ 65 ಮಕ್ಕಳು ಎಷ್ಟು ತರಗತಿಗಳಲ್ಲಿ ಹಂಚಿದ್ದಾರೆ? ಆರು ಇಯತ್ತೆ, ಪ್ರತಿ ಇಯತ್ತೆಗೆ ಮೂರು ವಿಭಾಗ, ಒಟ್ಟು ಹದಿನೆಂಟು. ಅಂದರೆ ಒಂದು ಕೋಣೆಯಲ್ಲಿ ಮೂರೋ ನಾಲ್ಕೋ ಮಕ್ಕಳು.

ಈಗ ಪುಸ್ತಕದ ಮುಖ್ಯ ಕೋಷ್ಟಕ. ಎರಡು ಪರೀಕ್ಷೆಗಳ ನಡುವೆ ಬುದ್ಧಿಲಬ್ಧದ ಅಂಕ ಸರಾಸರಿ ಎಷ್ಟು ಏರಿತು ಅನ್ನುವುದು ಇದು:

| ಇಯತ್ತೆ | ನಿಯಂತ್ರಿತ ಮಕ್ಕಳು | ಏರಿಕೆ | ಹೆಸರು ಬಂದ ಮಕ್ಕಳು | ಏರಿಕೆ |
|---|---|---|---|---|
| 1 | 48 | 12.0 | 7 | 27.4 |
| 2 | 47 | 7.0 | 12 | 16.5 |
| 3 | 40 | 5.0 | 14 | 5.0 |
| 4 | 49 | 2.2 | 12 | 5.6 |
| 5 | 26 | 17.5 | 9 | 17.4 |
| 6 | 45 | 10.7 | 11 | 10.0 |
| ಒಟ್ಟು | 255 | 8.4 | 65 | 12.2 |

ಕೆಳಗಿನ ಸಾಲು ಮಾತ್ರ ಓದಿದರೆ ಹೆಸರು ಬಂದ ಮಕ್ಕಳು 3.8 ಅಂಕ ಮುಂದೆ. ಈಗ ಒಂದು ಪೆನ್ಸಿಲ್ ತಗೊಳ್ಳಿ. ಮೊದಲ ಎರಡು ಇಯತ್ತೆಗಳನ್ನು ಕೈಯಿಂದ ಮುಚ್ಚಿ, ಉಳಿದ ನಾಲ್ಕರ ಸರಾಸರಿ ನೀವೇ ತೆಗೆಯಿರಿ. ಪ್ರತಿ ಇಯತ್ತೆಯ ಮಕ್ಕಳ ಸಂಖ್ಯೆಯನ್ನು ಅದರ ಏರಿಕೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಮಕ್ಕಳಿಂದ ಭಾಗಿಸಬೇಕು. ಇಯತ್ತೆಗಳ ಸರಾಸರಿಗಳನ್ನೇ ಕೂಡಿಸಿ ನಾಲ್ಕರಿಂದ ಭಾಗಿಸುವ ತಪ್ಪು ಮಾಡಬೇಡಿ. ನಮ್ಮವಳು ಮೊದಲು ಅದನ್ನೇ ಮಾಡಿದ್ದಳು.

ಹೆಸರು ಬಂದವರು 46 ಮಕ್ಕಳು, ಒಟ್ಟು ಏರಿಕೆ 403.8, ಸರಾಸರಿ 8.8. ನಿಯಂತ್ರಿತ ಗುಂಪಿನಲ್ಲಿ 160 ಮಕ್ಕಳು, ಒಟ್ಟು ಏರಿಕೆ 1244.3, ಸರಾಸರಿ 7.8. ವ್ಯತ್ಯಾಸ ಒಂದೇ ಒಂದು ಅಂಕ. ಮೂರನೇ ಇಯತ್ತೆಯಲ್ಲಿ ಸೊನ್ನೆ. ಐದು ಮತ್ತು ಆರರಲ್ಲಿ ಹೆಸರು ಬಂದವರೇ ಕೂದಲೆಳೆಯಷ್ಟು ಹಿಂದೆ.

"ದೊಡ್ಡಮ್ಮ, ಹಾಗಾದ್ರೆ ಇಡೀ ಪುಸ್ತಕ ಈ ಹತ್ತೊಂಬತ್ತು ಮಕ್ಕಳ ಮೇಲೆ ನಿಂತಿದೆಯಾ?" ಅಂತ ಕೇಳಿದಳು. ಪೂರ್ತಿ ಹಾಗಲ್ಲ, ಆದರೆ ಹೆಚ್ಚುಕಡಿಮೆ ಹಾಗೇ. ಏಳು ಮತ್ತು ಹನ್ನೆರಡು, ಒಟ್ಟು ಹತ್ತೊಂಬತ್ತು. ಅವಳ ವಿಮರ್ಶೆ ನಿಜವಾಗಿ ಶುರುವಾಗಿದ್ದು ಆ ಪ್ರಶ್ನೆಯಿಂದ.

ಏಳು ಮಕ್ಕಳ ಸರಾಸರಿ ಎಷ್ಟು ಸಡಿಲ ಅಂತ ತೋರಿಸಲು ದೊಡ್ಡ ಸೂತ್ರ ಬೇಡ. ಒಂದು ಮಗುವಿನ ಅಂಕ ಯಾವುದೋ ಕಾರಣಕ್ಕೆ 50ರಷ್ಟು ತಪ್ಪಾಗಿದೆ ಅಂದುಕೊಳ್ಳಿ. ಮೊದಲ ಸಲ ಜ್ವರ ಇತ್ತು, ಅಥವಾ ಪೆನ್ಸಿಲ್ ಮುರಿಯಿತು, ಏನೋ ಒಂದು. 48 ಮಕ್ಕಳ ಗುಂಪಿನಲ್ಲಿ ಆ ತಪ್ಪು ಸರಾಸರಿಯನ್ನು ಒಂದು ಅಂಕದಷ್ಟು ಅಲುಗಾಡಿಸುತ್ತದೆ. ಏಳು ಮಕ್ಕಳ ಗುಂಪಿನಲ್ಲಿ ಏಳು ಅಂಕ! ಒಂದನೇ ಇಯತ್ತೆಯ ವ್ಯತ್ಯಾಸವೇ 15.4. ಅದರ ಹತ್ತಿರ ಹತ್ತಿರ ಅರ್ಧ ಒಂದೇ ಮಗುವಿನಿಂದ ಬರಬಹುದು. ನಮ್ಮ ಮಲೆನಾಡಿನ ಕಡೆ ಸಣ್ಣ ಕನ್ನಡ ಶಾಲೆಗಳಲ್ಲಿ ಕಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಬತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಜಾತ್ರೆಗೆ ಹೋದ ದಿನ ಪರೀಕ್ಷೆ ಇಟ್ಟರೆ ತರಗತಿಯ ಸರಾಸರಿ ಬೇರೆಯೇ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಲೇಖಕರು ಒಂದು ಮತ್ತು ಎರಡನೇ ಇಯತ್ತೆಯ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯ ಎಂದೇ ತೋರಿಸಿದ್ದಾರೆ. ಅದನ್ನು ಮುಚ್ಚಿಟ್ಟು "ಮಾದರಿ ಚಿಕ್ಕದು, ಆದ್ದರಿಂದ ಫಲಿತಾಂಶ ಕಾಕತಾಳೀಯ" ಅಂತ ಬರೆದರೆ ನಿಮ್ಮ ಮಾತೇ ಬಿದ್ದುಹೋಗುತ್ತದೆ. ಆ ಲೆಕ್ಕ ಕಾಕತಾಳೀಯವನ್ನು ಮಾತ್ರ ನೋಡುತ್ತದೆ. ಹಾಕಿದ ಅಂಕಗಳು ಸರಿ ಎಂದೇ ಅದು ನಂಬಿ ಹೊರಡುತ್ತದೆ. ಅಂಕಗಳೇ ಸರಿ ಇಲ್ಲದಿದ್ದರೆ? ಅದಕ್ಕೇ ಮುಂದಿನ ಹಂತ.

ಅಳತೆ: ಏನೂ ಮಾಡದ ಗುಂಪನ್ನು ನೋಡಿ

ಸಿಂಧುತ್ವ ಅಂದ ಕೂಡಲೇ ಎಲ್ಲರೂ ಪಠ್ಯಪುಸ್ತಕದ ನಾಲ್ಕು ವಿಧ ಬರೆದು, ಪ್ರತಿಯೊಂದರ ವ್ಯಾಖ್ಯೆ ಕೊಟ್ಟು ಎರಡು ಪುಟ ತುಂಬಿಸುತ್ತಾರೆ. ಓದುವವರಿಗೆ ಅದು ಬೇಡ, ಅವರಿಗೆ ಗೊತ್ತಿರುತ್ತದೆ. ಬೇಕಾಗಿರುವುದು ಒಂದೇ ಪ್ರಶ್ನೆಗೆ ಉತ್ತರ: ಈ ಪರೀಕ್ಷೆಯ ಅಂಕ, ಈ ಮಕ್ಕಳ ವಿಷಯದಲ್ಲಿ, ಬುದ್ಧಿಶಕ್ತಿಯನ್ನೇ ಅಳೆಯಿತೇ?

ಕೋಷ್ಟಕಕ್ಕೆ ವಾಪಸ್ ಹೋಗಿ. ಈ ಸಲ ನಿಯಂತ್ರಿತ ಗುಂಪಿನ ಕಂಬವನ್ನು ಮಾತ್ರ ಓದಿ. ಐದನೇ ಇಯತ್ತೆಯ 26 ಮಕ್ಕಳಿಗೆ ಯಾರೂ ಏನೂ ಮಾಡಿಲ್ಲ. ಶಿಕ್ಷಕರಿಗೆ ಅವರ ಹೆಸರು ಕೊಟ್ಟಿಲ್ಲ. ಆದರೂ ಅವರ ಬುದ್ಧಿಲಬ್ಧ 17.5 ಏರಿದೆ. ನಾಲ್ಕನೆಯದರಲ್ಲಿ 2.2 ಮಾತ್ರ. ಬುದ್ಧಿಲಬ್ಧ ವಯಸ್ಸಿಗೆ ಹೊಂದಿಸಿದ ಅಂಕ. ಮಗು ಬೆಳೆದಂತೆ ಅದು ತಾನೇ ಏರಬಾರದು. ಏನೂ ಮಾಡದೆ ಒಂದು ಇಯತ್ತೆಯಲ್ಲಿ ಹದಿನೇಳು, ಪಕ್ಕದ ಇಯತ್ತೆಯಲ್ಲಿ ಎರಡು ಏರುವ ಅಳತೆಗೋಲಿನಲ್ಲಿ 3.8 ಅಂಕದ ವ್ಯತ್ಯಾಸವನ್ನು ಎಷ್ಟು ನಂಬಬಹುದು? ತಕ್ಕಡಿ ತಾನೇ ಅರ್ಧ ಕಿಲೋ ಆಚೀಚೆ ತೂಗುತ್ತಿದ್ದರೆ ಅಡಿಕೆಯ ನೂರು ಗ್ರಾಂ ವ್ಯತ್ಯಾಸಕ್ಕೆ ಯಾರೂ ಜಗಳ ಆಡುವುದಿಲ್ಲ.

ಯಾವ ಅಧ್ಯಯನವಾದರೂ ಸರಿ, ನಿಯಂತ್ರಿತ ಗುಂಪಿನ ಅಂಕ ಎಷ್ಟು ಅಲುಗಾಡಿದೆ ಅಂತ ಮೊದಲು ನೋಡಿ. ನನ್ನ ಅನುಭವದಲ್ಲಿ ಇಷ್ಟು ಬೇಗ ಫಲ ಕೊಡುವ ಉಪಾಯ ಇನ್ನೊಂದಿಲ್ಲ.

ಆಮೇಲೆ ಪರೀಕ್ಷೆ ಹೇಗಿತ್ತು ಅಂತ ನೋಡಿ. ಬಳಸಿದ್ದು 'ಟೋಗಾ' ಅನ್ನುವ, ಇಡೀ ತರಗತಿಗೆ ಒಟ್ಟಿಗೆ ಕೊಡುವ ಪರೀಕ್ಷೆ. ಅದರಲ್ಲಿ ಎರಡು ಭಾಗ: ಒಂದು ಮಾತಿನದು, ಒಂದು ತರ್ಕದ್ದು. ಸಣ್ಣ ಮಕ್ಕಳು ಹೇಳಿದ್ದನ್ನು ಕೇಳಿಸಿಕೊಂಡು ಚಿತ್ರಕ್ಕೆ ಗುರುತು ಹಾಕಬೇಕು. ಆ ಶಾಲೆಯಲ್ಲಿ ಸುಮಾರು ಆರರಲ್ಲಿ ಒಂದು ಮಗು ಮೆಕ್ಸಿಕನ್ ಮೂಲದ್ದು. ಇದರ ತೊಂದರೆ ನಮ್ಮವಳಿಗೆ ಅರ್ಥವಾಗಿದ್ದು ಪೇರಲೆ ಹಣ್ಣಿನಿಂದ. ನಮ್ಮ ಕಡೆ ಪೇರಲೆ. "ಸೀಬೆ ಹಣ್ಣಿಗೆ ಗುರುತು ಹಾಕು" ಅಂದರೆ ಒಂದನೇ ತರಗತಿಯ ಮಗು ಸುಮ್ನೆ ಮುಖ ನೋಡುತ್ತದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗುವಾದರೆ ಇನ್ನೂ ಕಷ್ಟ. ಮಗುವಿಗೆ ಹಣ್ಣು ಗೊತ್ತು, ತಿಂದೂ ಇದೆ, ಗೊತ್ತಿಲ್ಲದ್ದು ಆ ಪದ. ವರ್ಷ ಕಳೆದ ಮೇಲೆ ಪಠ್ಯಪುಸ್ತಕದ ಭಾಷೆ ಅಭ್ಯಾಸವಾಗಿ ಸರಿಯಾಗಿ ಗುರುತು ಹಾಕಿತು ಅನ್ನಿ. ಬುದ್ಧಿ ಹೆಚ್ಚಾಯಿತೇ, ಭಾಷೆಯ ಪರಿಚಯ ಹೆಚ್ಚಾಯಿತೇ? ಅಂಕ ಅದನ್ನು ಹೇಳುವುದಿಲ್ಲ.

ಆದರೆ ಇಲ್ಲೇ ಒಂದು ತಪ್ಪಿಗೆ ಜಾಗ ಇದೆ. ಭಾಷೆಯ ತೊಂದರೆ ಎರಡೂ ಗುಂಪಿನ ಮಕ್ಕಳಿಗೆ ಇತ್ತು, ಯಾಕೆಂದರೆ ಹೆಸರು ಎತ್ತಿದ್ದು ಯಾದೃಚ್ಛಿಕವಾಗಿ. ಹಾಗಾಗಿ ಅದೊಂದರಿಂದಲೇ ಗುಂಪುಗಳ ವ್ಯತ್ಯಾಸ ಹುಟ್ಟಿತು ಅನ್ನಲು ಬರುವುದಿಲ್ಲ. ಅದು ಪೆಟ್ಟು ಕೊಡುವುದು 'ಬುದ್ಧಿ' ಅನ್ನುವ ಪದಕ್ಕೆ. ಯಾವ ದೋಷ ಯಾವುದನ್ನು ಕೆಡಿಸುತ್ತದೆ ಅಂತ ಪ್ರತಿ ಸಲ ಬಿಡಿಸಿ ಬರೆಯಿರಿ. ಒಳ್ಳೆಯ ವಿಮರ್ಶೆಗೂ ಸುಮ್ನೆ ತಪ್ಪು ಹುಡುಕುವುದಕ್ಕೂ ಇರುವ ಅಂತರ ಇಷ್ಟೇ.

ಇನ್ನು ಈ ಅಧ್ಯಯನದ ಅತಿ ದುರ್ಬಲ ಜಾಗ. ಅದೇ 1968ರಲ್ಲಿ ರಾಬರ್ಟ್ ಥಾರ್ನ್‌ಡೈಕ್ ಅನ್ನುವ ಪರೀಕ್ಷಾ ತಜ್ಞರು ಪುಸ್ತಕದ ವಿಮರ್ಶೆ ಬರೆದರು. ಒಂದನೇ ಇಯತ್ತೆಯ ಒಂದು ವಿಭಾಗದ ಮೊದಲ ಪರೀಕ್ಷೆಯಲ್ಲಿ ತರ್ಕದ ಬುದ್ಧಿಲಬ್ಧದ ಸರಾಸರಿ 31 ಇತ್ತು ಎಂದು ಅವರು ಎತ್ತಿ ತೋರಿಸಿದರು. ಒಂದು ಮಗುವಿನದಲ್ಲ, ಇಡೀ ತರಗತಿಯ ಸರಾಸರಿ! 100 ಸಾಮಾನ್ಯ, 70ಕ್ಕಿಂತ ಕೆಳಗೆ ಅಂದರೆ ಬೌದ್ಧಿಕ ನ್ಯೂನತೆ ಇರಬಹುದು ಎಂದು ತಪಾಸಣೆಗೆ ಕಳಿಸುವ ಮಟ್ಟ. ಸಾಮಾನ್ಯ ಶಾಲೆಯ ಒಂದು ಕೋಣೆ ತುಂಬ ಅಂಥ ಮಕ್ಕಳೇ ಕೂತಿದ್ದರು ಅಂತ ನಂಬಲು ಆಗುತ್ತದೆಯೇ? ಅದಕ್ಕಿಂತ ಸುಲಭದ ವಿವರಣೆ ಬೇರೆ ಇದೆ: ಆ ಪುಟಾಣಿಗಳಿಗೆ ಏನು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ಎರಡನೇ ಸಲ ಗೊತ್ತಾಯಿತು, ಅಂಕ ಜಿಗಿಯಿತು. ಗಡಿಯಾರ ಹದಿಮೂರು ಹೊಡೆದರೆ ಆ ಕೊನೆಯ ಪೆಟ್ಟಿನ ಮೇಲಷ್ಟೇ ಅಲ್ಲ, ಹಿಂದಿನ ಹನ್ನೆರಡರ ಮೇಲೂ ಅನುಮಾನ ಬರುತ್ತದೆ ಅನ್ನುವ ಅರ್ಥದ ಮಾತನ್ನು ಥಾರ್ನ್‌ಡೈಕ್ ಬರೆದಿದ್ದಾರೆ.

ಗಮನಿಸಿ, ಹದಿಮೂರು ಹೊಡೆದ ಇಯತ್ತೆ ಯಾವುದು? ಒಂದನೆಯದು. ಏಳು ಮಕ್ಕಳದ್ದು, 27.4ರದ್ದು. ಮಾದರಿ ಎಲ್ಲಿ ಅತಿ ಚಿಕ್ಕದೋ ಅಲ್ಲೇ ಅಳತೆ ಅತಿ ಸಡಿಲ, ಪರಿಣಾಮವೂ ಅಲ್ಲೇ ಅತಿ ದೊಡ್ಡದು. ಮೂರೂ ಒಂದೇ ಜಾಗದಲ್ಲಿ ಬಂದು ಕೂತಿವೆ. ಇದನ್ನು ಕಂಡುಹಿಡಿದ ಮೇಲೆ ನಮ್ಮವಳು ಮಾದರಿಗೆ ಒಂದು ಅಧ್ಯಾಯ, ಸಿಂಧುತ್ವಕ್ಕೆ ಒಂದು ಅಧ್ಯಾಯ ಅಂತ ಬರೆದಿದ್ದನ್ನು ಹರಿದು ಎರಡನ್ನೂ ಹೆಣೆದು ಬರೆದಳು. ನಿಮ್ಮ ಅಧ್ಯಯನದಲ್ಲೂ ಹುಡುಕಿ. ಎಲ್ಲೋ ಒಂದು ಕಡೆ ಎರಡು ದೋಷ ಭೇಟಿಯಾಗುತ್ತವೆ.

ಪರೀಕ್ಷೆ ಯಾರು ಕೊಟ್ಟರು ಅನ್ನುವುದನ್ನೂ ಬಿಡಬೇಡಿ. ಇಲ್ಲಿ ತರಗತಿಯ ಶಿಕ್ಷಕರೇ ಕೊಟ್ಟಿದ್ದರು. ಯಾರು ಚಿಗುರುತ್ತಾರೆ ಅಂತ ಕೇಳಿಸಿಕೊಂಡವರೂ ಅವರೇ. ಇದಕ್ಕೆ ಲೇಖಕರು ಉತ್ತರ ಕೊಟ್ಟಿದ್ದಾರೆಯೇ ಅಂತ ಪುಸ್ತಕದಲ್ಲೇ ಹುಡುಕಿ, ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಲೇಖಕರ ಉತ್ತರ ಬಿಟ್ಟು ಬರೀ ಆರೋಪ ಬರೆದರೆ ಅಂಕ ಹೋಗುತ್ತದೆ, ಹೋಗಬೇಕು ಕೂಡ.

ತೀರ್ಮಾನ: ವಾಕ್ಯವನ್ನು ಕತ್ತರಿಸುತ್ತಾ ಬನ್ನಿ

ಈಗ ಚೀಟಿ ತೆಗೆಯಿರಿ. "ಶಿಕ್ಷಕರ ನಿರೀಕ್ಷೆ ಹೆಚ್ಚಾದರೆ ಮಗುವಿನ ಬುದ್ಧಿಲಬ್ಧವೇ ಏರುತ್ತದೆ." ಪ್ರತಿ ಪದಕ್ಕೂ ಸಾಕ್ಷ್ಯ ಇದೆಯೇ ಅಂತ ಕೇಳುತ್ತಾ ಹೋಗಿ.

"ಮಗುವಿನ" ಅಂದರೆ ಯಾವ ಮಗುವಿನ? ಕೋಷ್ಟಕ ಹೇಳುವುದು ಒಂದು ಮತ್ತು ಎರಡನೇ ಇಯತ್ತೆಯ ಮಕ್ಕಳ ಬಗ್ಗೆ ಮಾತ್ರ. "ಬುದ್ಧಿಲಬ್ಧ" ಅನ್ನುವ ಪದದ ಕಥೆ ಆಗಲೇ ನೋಡಿದೆವು, ಬೇಕಾದರೆ "ಟೋಗಾ ಪರೀಕ್ಷೆಯ ಅಂಕ" ಅನ್ನಬಹುದು. "ನಿರೀಕ್ಷೆ ಹೆಚ್ಚಾದರೆ" ಅನ್ನುವುದು ಇನ್ನೂ ಸ್ವಾರಸ್ಯ. ನಿರೀಕ್ಷೆ ಹೆಚ್ಚಾಯಿತು ಅಂತ ಅಳೆದರೇ? ತರಗತಿಯೊಳಗೆ ಕೂತು ಶಿಕ್ಷಕರು ಆ ಮಕ್ಕಳ ಜೊತೆ ಬೇರೆ ರೀತಿ ನಡೆದುಕೊಂಡದ್ದನ್ನು ದಾಖಲಿಸಿಲ್ಲ. ಆಮೇಲೆ ಕೇಳಿದಾಗ ಪಟ್ಟಿಯಲ್ಲಿದ್ದ ಹೆಸರುಗಳನ್ನು ಶಿಕ್ಷಕರು ಸರಿಯಾಗಿ ನೆನಪಿಟ್ಟುಕೊಂಡಿರಲಿಲ್ಲ ಕೂಡ. ಕಾರಣ ಮತ್ತು ಫಲದ ನಡುವಿನ ದಾರಿಯನ್ನು ಯಾರೂ ನೋಡಿಲ್ಲ.

ಹಾಗಂತ ಎಲ್ಲವನ್ನೂ ಕತ್ತರಿಸಬೇಡಿ. ಹೆಸರುಗಳನ್ನು ಯಾದೃಚ್ಛಿಕವಾಗಿ ಎತ್ತಿದ್ದು ಈ ಅಧ್ಯಯನದ ದೊಡ್ಡ ಬಲ. ಎಷ್ಟೋ ಶಿಕ್ಷಣ ಅಧ್ಯಯನಗಳು ಒಂದು ಶಾಲೆಯ ಜಾಣ ವಿಭಾಗವನ್ನು ಇನ್ನೊಂದರ ಸಾಧಾರಣ ವಿಭಾಗಕ್ಕೆ ಹೋಲಿಸಿ ಮುಗಿಸುತ್ತವೆ. ಇಲ್ಲಿ ಆ ತೊಂದರೆ ಇಲ್ಲ. ಬಲ ಇರುವುದನ್ನು ಬಲ ಅಂತ ಬರೆಯಿರಿ. "ಇದು ಅಮೆರಿಕದ್ದು, ನಮಗೆ ಅನ್ವಯಿಸುವುದಿಲ್ಲ" ಅಂತಲೂ ಬರೆಯಬೇಡಿ. ಅದು ಯಾವ ವಿದೇಶಿ ಅಧ್ಯಯನಕ್ಕೂ ಹೊಂದುವ ಸಾಲು, ಆದ್ದರಿಂದ ಏನನ್ನೂ ಹೇಳದ ಸಾಲು. ಅನ್ವಯಿಸದಿರಲು ಕಾರಣ ಕೊಡಿ, ಇಲ್ಲವೇ ಬಿಡಿ.

ಆಮೇಲೆ, ಆ ವಿಷಯದ ಮೇಲೆ ನಂತರ ಏನಾಯಿತು ಅಂತ ಒಂದಾದರೂ ಕೃತಿ ಓದಿ. ನಮಗೆ ಸಿಕ್ಕಿದ್ದು 1984ರಲ್ಲಿ ಸ್ಟೀಫನ್ ರಾಡೆನ್‌ಬುಶ್ ಮಾಡಿದ ಒಟ್ಟು ಲೆಕ್ಕ. ಇದೇ ರೀತಿಯ 18 ಪ್ರಯೋಗಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಶಿಕ್ಷಕರಿಗೆ ಮಕ್ಕಳ ಪರಿಚಯ ಎರಡು ವಾರಕ್ಕಿಂತ ಜಾಸ್ತಿ ಆಗಿದ್ದ ಕಡೆ ಪರಿಣಾಮ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪರಿಚಯ ಹೊಸದಾಗಿದ್ದ ಕಡೆ ಪರಿಣಾಮ ಕಂಡಿತು. ಯೋಚಿಸಿದರೆ ಸಹಜವೇ. ಎರಡು ತಿಂಗಳಿಂದ ದಿನಾ ಕೈಹಿಡಿದು ಬರೆಸಿದ ಮಗುವಿನ ಬಗ್ಗೆ ಹೊರಗಿನವರ ಚೀಟಿ ಓದಿ ನಾನು ಮನಸ್ಸು ಬದಲಿಸುತ್ತೇನೆಯೇ? ಮೊದಲ ಪುಸ್ತಕದಲ್ಲಿ ಸಣ್ಣ ಇಯತ್ತೆಗಳಲ್ಲಷ್ಟೇ ಪರಿಣಾಮ ಕಂಡಿದ್ದಕ್ಕೂ ಇದು ಒಂದು ವಿವರಣೆ ಇರಬಹುದು: ಅಲ್ಲಿಯ ಮಕ್ಕಳು ಶಿಕ್ಷಕರಿಗೆ ಹೊಸಬರು. "ಇರಬಹುದು" ಅಂದೆ. ಅಸೈನ್‌ಮೆಂಟಿನಲ್ಲೂ ಅಷ್ಟೇ ಬರೆಯಿರಿ.

ಎಲ್ಲ ಕತ್ತರಿಸಿದ ಮೇಲೆ ನಮ್ಮವಳ ವಾಕ್ಯ ಹೀಗಾಯಿತು: "ಶಿಕ್ಷಕರಿಗೆ ವರ್ಷದ ಆರಂಭದಲ್ಲಿ ಕೊಟ್ಟ ಸುಳ್ಳು ಮಾಹಿತಿಯಿಂದ ಒಂದು ಮತ್ತು ಎರಡನೇ ಇಯತ್ತೆಯ ಕೆಲವು ಮಕ್ಕಳ ಪರೀಕ್ಷಾ ಅಂಕ ಹೆಚ್ಚಾಗಿರುವ ಸಾಧ್ಯತೆಯನ್ನು ಈ ಅಧ್ಯಯನ ಎತ್ತಿ ತೋರಿಸುತ್ತದೆ, ಆದರೆ ಆ ವಯಸ್ಸಿನಲ್ಲಿ ಪರೀಕ್ಷೆಯೇ ಸ್ಥಿರವಾಗಿಲ್ಲದ ಕಾರಣ, ಮತ್ತು ಹೋಲಿಕೆ 19 ಮಕ್ಕಳ ಮೇಲೆ ನಿಂತಿರುವ ಕಾರಣ, ಹೆಚ್ಚಳ ಎಷ್ಟು ಎಂದು ಹೇಳಲಾಗದು." ಉದ್ದ ಆಯಿತು, ಇರಲಿ. ಮೊದಲಿನ ವಾಕ್ಯವನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ತೀರ್ಮಾನದ ಬಲ ಎಷ್ಟು ಅನ್ನುವ ಪ್ರಶ್ನೆಗೆ ಉತ್ತರ ಕಣ್ಣಿಗೇ ಕಾಣುತ್ತದೆ.

ಬರೆಯುವಾಗ

ಎಂಟು ಪುಟದ ಮಿತಿ ಇದ್ದರೆ ಅರ್ಧ ಪುಟ ಸಾರಾಂಶ, ಐದು ಪುಟ ಮಾದರಿ ಮತ್ತು ಅಳತೆ ಸೇರಿ, ಉಳಿದಿದ್ದು ತೀರ್ಮಾನಕ್ಕೆ. ನೀವೇ ಮಾಡಿದ ಲೆಕ್ಕವನ್ನು ಪೂರ್ತಿ ತೋರಿಸಿ. 403.8 ಎಲ್ಲಿಂದ ಬಂತು ಅಂತ ಓದುವವರು ಹುಡುಕುವಂತೆ ಆಗಬಾರದು. ನಿಮ್ಮ ಲೆಕ್ಕದಿಂದ ಒಟ್ಟು ಸಾಲು ಬರುತ್ತದೆಯೇ ಅಂತ ಮೊದಲು ಪರೀಕ್ಷಿಸಿ. ನಮಗೆ 12.2 ಮತ್ತು 8.4 ಸರಿಯಾಗಿ ಬಂದ ಮೇಲೆಯೇ ಮುಂದೆ ಹೋದೆವು. ಬರದಿದ್ದರೆ ನೀವು ಕೋಷ್ಟಕ ನಕಲು ಮಾಡುವಾಗ ತಪ್ಪಿದ್ದೀರಿ, ಅಥವಾ ಅಲ್ಲಿ ನಿಜವಾಗಿ ಬರೆಯುವಂಥದ್ದು ಏನೋ ಇದೆ.

ವೈವಾದಲ್ಲಿ ಅವಳಿಗೆ ಬಂದ ಮೊದಲ ಪ್ರಶ್ನೆ: "ಹಾಗಾದರೆ ಈ ಅಧ್ಯಯನ ತಪ್ಪು ಅಂತೀಯಾ?" "ಇಲ್ಲ ಮೇಡಂ, ಮೂರರಿಂದ ಆರನೇ ಇಯತ್ತೆಯ ಬಗ್ಗೆ ಅದು ಏನೂ ಹೇಳಿಲ್ಲ ಅಂತೀನಿ" ಅಂದಳಂತೆ. ಮುಂದಿನ ಪ್ರಶ್ನೆ ಕೋಷ್ಟಕದ ಐದನೇ ಸಾಲಿನ ಬಗ್ಗೆ ಬಂತು, ಅದಕ್ಕೂ ಅವಳ ಹತ್ತಿರ ಲೆಕ್ಕ ಇತ್ತು.